ವೀಸಾದಲ್ಲಿ ನನ್ನ ಹೆಸರು ಎರಡು ಸಲ ಬಂದಿದೆ, ಈಗ ಕೆನಡಾ ಫಾರಂನಲ್ಲಿ ಏನು ಬರೆಯಲಿ?

ಸಕಲೇಶಪುರದವಳು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು. ಗಿವನ್ ನೇಮ್ ಜಾಗದಲ್ಲಿ PAVITHRA, ಸರ್‌ನೇಮ್ ಜಾಗ ಖಾಲಿ. ಸ್ಕೂಲಿಂದ ಡಿಗ್ರಿವರೆಗೆ ನಾನು ಪವಿತ್ರ ಎಸ್. ಎಂ. ಎಸ್ ಅಂದರೆ ಊರು, ಎಂ ಅಂದರೆ ಅಪ್ಪನ ಹೆಸರು ಮಂಜೇಗೌಡ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಬಿಟ್ಟುಬಿಡಿ ಅಂದರು. ಊರಿನ ಹೆಸರು ನನ್ನ ಹೆಸರಿನ ಮುಂದೆ ಯಾಕೆ ಅಂತ ಬಿಟ್ಟೆ. ಆಗ ನನಗೆ 21 ವರ್ಷ, ಇದರಿಂದ ಮುಂದೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ.

ದುಬೈಗೆ ಕೆಲಸಕ್ಕೆ ಬಂದಾಗ ವೀಸಾ ಅರ್ಜಿ ತುಂಬಿದವರು ಎರಡೂ ಕಡೆ ಪವಿತ್ರ ಅಂತಲೇ ಹಾಕಿದರು. ವೀಸಾ ಬಂದಿದ್ದು PAVITHRA PAVITHRA ಅಂತ. ಎಮಿರೇಟ್ಸ್ ಐಡಿ ಹಾಗೆ, ಬ್ಯಾಂಕ್ ಖಾತೆ ಹಾಗೆ, ಬಾಡಿಗೆ ಕರಾರು ಹಾಗೆ, ಸಂಬಳದ ಚೀಟಿ ಹಾಗೆ. ಆರು ವರ್ಷ ಏನೂ ತೊಂದರೆ ಆಗಲಿಲ್ಲ. ಈಗ ಕೆನಡಾಕ್ಕೆ ಕಾಯಂ ವಾಸದ ಅರ್ಜಿ ಹಾಕಬೇಕು. ಇಲ್ಲಿನ ಪೊಲೀಸ್ ಪ್ರಮಾಣಪತ್ರವೂ ಎರಡು ಪವಿತ್ರ ಅಂತಲೇ ಬಂದಿದೆ. ಪಾಸ್‌ಪೋರ್ಟ್‌ನಲ್ಲಿ ಒಂದು, ದುಬೈ ಕಾಗದಗಳಲ್ಲಿ ಎರಡು, ಡಿಗ್ರಿಯಲ್ಲಿ ಎಸ್. ಎಂ. ಮೂರೂ ನಾನೇ.

ಕೆನಡಾ ಫಾರಂನಲ್ಲಿ ಎರಡು ಕಾಲಂ ಇವೆ. ಏನು ಬರೆಯಲಿ? ಎಲ್ಲಾ ಕಡೆ ಇರುವ ಹಾಗೆ ಎರಡು ಸಲ ಬರೆದರೆ ಕಾಗದಗಳೆಲ್ಲಾ ಹೊಂದುತ್ತವೆ ಅಲ್ವಾ?

ಗಡಿಬಿಡಿ ಗಣೇಶ:
FNU ಅಂತ ಹಾಕಿ ಮೇಡಂ, ಅಷ್ಟೇ. ಒಂದೇ ಹೆಸರು ಇದ್ದವರಿಗೆ ಎಲ್ಲಾ ದೇಶದಲ್ಲೂ ಅದೇ ನಿಯಮ. ನನ್ನ ಭಾವನಿಗೆ ಅಮೆರಿಕ ವೀಸಾದಲ್ಲಿ ಹಾಗೇ ಮಾಡಿದ್ದರು. ಫಸ್ಟ್ ನೇಮ್ ಗೊತ್ತಿಲ್ಲ ಅಂತ ಅದರ ಅರ್ಥ.

ಹಳೇ ಟಿಕೆಟ್ ಕೌಂಟರ್:
ಗಣೇಶ್ ಅವರೇ, ಅಮೆರಿಕದ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಅದು ಅಮೆರಿಕದ ಮಟ್ಟಿಗೆ ಮಾತ್ರ. ಅಲ್ಲಿನ DS-160 ಫಾರಂನಲ್ಲಿ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಕಾಲಂನಲ್ಲಿ ಹಾಕಿ, ಗಿವನ್ ನೇಮ್ ಕಾಲಂನಲ್ಲಿ FNU ಹಾಕಿ ಅಂತ ಫಾರಂನಲ್ಲೇ ಬರೆದಿದೆ. ಕೆನಡಾ ಫಾರಂನಲ್ಲಿ ಅದನ್ನು ಹಾಕಬಾರದು. ಅಲ್ಲಿನವರ ಸೂಚನೆ ಬೇರೆ.

ಪವಿತ್ರ ಅವರೇ, ಮೊದಲು ಒಂದು ಕೆಲಸ ಮಾಡಿ. ಪಾಸ್‌ಪೋರ್ಟ್ ತೆಗೆದು ಫೋಟೋ ಇರುವ ಪುಟದ ಕೆಳಗೆ ನೋಡಿ. ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತವೆ. ಅದು ಮೆಷಿನ್ ಓದುವ ಸಾಲು. ಮೊದಲ ಸಾಲು ಹೀಗಿದೆಯಾ ಹೇಳಿ:

```
P<INDPAVITHRA<<<<<<<<<<<<<<<<<<<<<<<<<<<<<<<
```

ಸಕಲೇಶಪುರದವಳು:
ಹೌದು ಸರ್, ಅಕ್ಷರಶಃ ಹಾಗೇ ಇದೆ. ಇದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

ಹಳೇ ಟಿಕೆಟ್ ಕೌಂಟರ್:
ನಿಮ್ಮ ತೊಂದರೆಯ ಬೇರು ಈ ಸಾಲಿನಲ್ಲೇ ಇದೆ. ಇಪ್ಪತ್ತು ವರ್ಷ ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ.

ಪಾಸ್‌ಪೋರ್ಟ್ ಹೇಗಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ನಿಯಮ ಒಂದಿದೆ, ICAO ಸಂಸ್ಥೆಯದು, ಡಾಕ್ಯುಮೆಂಟ್ 9303 ಅಂತಾರೆ. ಅದರಲ್ಲಿ ಹೆಸರಿಗೆ ಎರಡು ಭಾಗ. ಮುಖ್ಯ ಭಾಗ ಮೊದಲು, ಆಮೇಲೆ ಎರಡು ಬಾಣ, ಆಮೇಲೆ ಉಳಿದ ಭಾಗ. ಮುಖ್ಯ ಭಾಗ ಇರಲೇಬೇಕು. ಎರಡನೇ ಭಾಗ ಇಲ್ಲದಿದ್ದರೂ ನಡೆಯುತ್ತದೆ. ಒಂದೇ ಹೆಸರಿದ್ದರೆ ಅದು ಮುಖ್ಯ ಭಾಗಕ್ಕೆ ಹೋಗುತ್ತದೆ. ಅಂದರೆ ಪುಟದ ಮೇಲ್ಭಾಗದಲ್ಲಿ ಮನುಷ್ಯರು ಓದುವಾಗ ನಿಮ್ಮ ಸರ್‌ನೇಮ್ ಖಾಲಿ, ಕೆಳಗಿನ ಸಾಲನ್ನು ಮೆಷಿನ್ ಓದುವಾಗ ಖಾಲಿ ಇರುವುದು ಗಿವನ್ ನೇಮ್. ಒಂದೇ ಪುಟ, ಆದರೆ ಕಣ್ಣಿಗೆ ಒಂದು ಲೆಕ್ಕ, ಮೆಷಿನ್‌ಗೆ ಇನ್ನೊಂದು ಲೆಕ್ಕ.

ಇಲ್ಲಿವರೆಗೆ ತಪ್ಪಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ಟಿಕೆಟ್ ಬುಕ್ ಮಾಡುವ ಸಾಫ್ಟ್‌ವೇರ್, ವೀಸಾ ಅರ್ಜಿಯ ಸಾಫ್ಟ್‌ವೇರ್, ಬ್ಯಾಂಕಿನದು, ಇವನ್ನೆಲ್ಲಾ ಮಾಡಿದವರು ಎರಡು ಕಾಲಂ ಇಟ್ಟು ಎರಡನ್ನೂ ತುಂಬಲೇಬೇಕು ಅಂತ ಮಾಡಿಬಿಟ್ಟರು. ಒಂದನ್ನು ಖಾಲಿ ಬಿಟ್ಟರೆ ಕೆಂಪು ಅಕ್ಷರ ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಕೌಂಟರ್‌ನಲ್ಲಿ ಕೂತವನು ಏನು ಮಾಡಬೇಕು? ನಾವು ಅದೇ ಹೆಸರನ್ನು ಮತ್ತೆ ಒತ್ತುತ್ತಿದ್ದೆವು. PAVITHRA/PAVITHRA MS. ಟಿಕೆಟ್‌ನಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಟಿಕೆಟ್ ಒಂದು ದಿನದ್ದು. ಪ್ರಯಾಣ ಮುಗಿಯಿತು, ಟಿಕೆಟ್ ಮುಗಿಯಿತು. ವೀಸಾ ಹಾಗಲ್ಲ. ವೀಸಾದಿಂದ ಐಡಿ ಹುಟ್ಟುತ್ತದೆ, ಐಡಿಯಿಂದ ಬ್ಯಾಂಕ್ ಖಾತೆ, ಬ್ಯಾಂಕಿನಿಂದ ಇನ್ನೊಂದು. ಜಾಗ ತುಂಬಲು ಒತ್ತಿದ ಪದ ಆರು ವರ್ಷದಲ್ಲಿ ನಿಮ್ಮ ಮನೆಹೆಸರು ಆಗಿ ಕೂತುಬಿಟ್ಟಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಎರಡು ಸಲ ಬರೆಯಬೇಡಿ. ಎರಡನೇ ಪವಿತ್ರ ನಿಮ್ಮ ಹೆಸರಲ್ಲ. ಅದನ್ನು ಹೊಸ ದೇಶದ ದಾಖಲೆಗೆ ನೀವಾಗಿ ಹೊತ್ತುಕೊಂಡು ಹೋಗಬೇಡಿ.

ಸೀಗೆಹಳ್ಳಿ ಸುಬ್ಬು:
ನನ್ನ ಆಧಾರ್‌ನಲ್ಲಿ Subramanya ಅಂತಿದೆ, ಪ್ಯಾನ್‌ನಲ್ಲಿ Subrahmanya ಅಂತಿದೆ, ಒಂದು h ಜಾಸ್ತಿ. ಎರಡು ತಿಂಗಳಿಂದ ಲಿಂಕ್ ಆಗುತ್ತಿಲ್ಲ. ಇದಕ್ಕೂ ಪಾಸ್‌ಪೋರ್ಟ್‌ನ ಕೆಳಗಿನ ಸಾಲು ನೋಡಬೇಕಾ?

ಹಳೇ ಟಿಕೆಟ್ ಕೌಂಟರ್:
ಇಲ್ಲ ಸುಬ್ಬು ಅವರೇ, ನಿಮ್ಮದು ಕಾಗುಣಿತದ ವಿಷಯ, ಅದು ಬೇರೆ. ಎರಡರಲ್ಲಿ ಒಂದನ್ನು ತಿದ್ದಿಸಿ. ಬೇರೆ ಚರ್ಚೆ ಶುರು ಮಾಡಿ, ಗೊತ್ತಿದ್ದವರು ಹೇಳುತ್ತಾರೆ.

ಟೆಕ್ಸಾಸ್ ಮಂಜ:
FNU ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಓದಲು ಬಂದವನು, ಪಾಸ್‌ಪೋರ್ಟ್‌ನಲ್ಲಿ MANJUNATHA ಅಷ್ಟೇ. ವೀಸಾಕ್ಕೆಂದು ಕಾಲೇಜು ಕೊಟ್ಟ I-20 ಪತ್ರದಲ್ಲಿ ಸರ್‌ನೇಮ್ ಮಂಜುನಾಥ, ಗಿವನ್ ನೇಮ್ ಖಾಲಿ. ವೀಸಾದಲ್ಲಿ ಗಿವನ್ ನೇಮ್ FNU. ಎರಡೂ ಬೇರೆ ಬೇರೆ ಇದೆಯಲ್ಲಾ ಅಂತ ಊರಲ್ಲಿ ಒಂದು ವಾರ ನಿದ್ದೆ ಮಾಡಿರಲಿಲ್ಲ. ಆಮೇಲೆ ಗೊತ್ತಾಯಿತು, I-20ಯಲ್ಲಿ FNU ಹಾಕಬಾರದು ಅಂತಲೇ ಅಲ್ಲಿನ ನಿಯಮ. ವೀಸಾದಲ್ಲಿ ಹಾಕುತ್ತಾರೆ. ಹಾಗಾಗಿ ಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲ.

ತೊಂದರೆ ಬಂದಿದ್ದು ಒಳಗೆ ಬಂದಮೇಲೆ. ಗಡಿಯವರಿಗೆ FNU ಅಂದರೆ ಏನು ಅಂತ ಗೊತ್ತು. ಡ್ರೈವಿಂಗ್ ಲೈಸನ್ಸ್ ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಿಲ್ಲ. ಅವರು ವೀಸಾ ನೋಡಿ ಲೈಸನ್ಸ್ ಮೇಲೆ FNU MANJUNATHA ಅಂತ ಅಚ್ಚು ಹಾಕಿದರು. ಬ್ಯಾಂಕಿನವರು ಲೈಸನ್ಸ್ ನೋಡಿ ಹಾಗೇ ಬರೆದರು. ಕೆಲಸಕ್ಕೆ ಸೇರಿದ ದಿನ ಇಮೇಲ್ ವಿಳಾಸ fnu.manjunatha ಅಂತ ಬಂತು. ಮೊದಲ ವಾರ ಮೀಟಿಂಗ್‌ನಲ್ಲಿ ಎಲ್ಲರೂ ನನ್ನನ್ನು ಫ್ನೂ ಅಂತ ಕರೆದರು. ಅವರ ತಪ್ಪಲ್ಲ. ಆದರೆ ಅಜ್ಜ ಧರ್ಮಸ್ಥಳಕ್ಕೆ ಹೋಗಿ ಹರಕೆ ಹೊತ್ತು ಇಟ್ಟ ಹೆಸರು ನನ್ನದು. ಅದರ ಜಾಗದಲ್ಲಿ ಹೆಸರೇ ಅಲ್ಲದ ಮೂರು ಅಕ್ಷರ ಕೇಳುವಾಗ ತುಂಬಾ ಬೇಜಾರಾಗುತ್ತಿತ್ತು.

ಅದಕ್ಕೆ ಹೇಳುವುದು, FNU ಹಾಕಿ ಅಷ್ಟೇ ಅಂತ ಸುಮ್ನೆ ಹೇಳಬೇಡಿ. ಅಮೆರಿಕ ವೀಸಾಕ್ಕೆ ಬೇರೆ ದಾರಿ ಇಲ್ಲ, ಹಾಕಲೇಬೇಕು. ಬೇರೆಲ್ಲೂ ನೀವಾಗಿ ಹಾಕಬೇಡಿ.

ಗಡಿಬಿಡಿ ಗಣೇಶ:
ಸರಿ ಮಂಜು, ಇಷ್ಟೆಲ್ಲಾ ಗೊತ್ತಿರಲಿಲ್ಲ. ಭಾವನ ಒಂದು ಕೇಸ್ ನೋಡಿ ಹೇಳಿದೆ. ಆದರೆ ಒಂದು ಅನುಮಾನ. ಪವಿತ್ರ ಮೇಡಂ ಕೆನಡಾ ಫಾರಂನಲ್ಲಿ ಗಿವನ್ ನೇಮ್‌ನಲ್ಲಿ ಪವಿತ್ರ ಹಾಕಿ ಸರ್‌ನೇಮ್ ಖಾಲಿ ಬಿಟ್ಟರೆ ಆಯಿತಲ್ಲಾ? ಪಾಸ್‌ಪೋರ್ಟ್‌ನಲ್ಲಿ ಕಣ್ಣಿಗೆ ಕಾಣುವುದು ಹಾಗೇ ಇದೆ.

ಹಳೇ ಟಿಕೆಟ್ ಕೌಂಟರ್:
ಒಳ್ಳೆಯ ಪ್ರಶ್ನೆ. ಜಾಸ್ತಿ ಜನ ಎಡವುವುದು ಅಲ್ಲೇ. ಉತ್ತರ ಉಲ್ಟಾ. ಕೆನಡಾ ವಲಸೆ ಇಲಾಖೆಯ ಸೂಚನೆ ಹೀಗಿದೆ: ಪಾಸ್‌ಪೋರ್ಟ್‌ನಲ್ಲಿ ಫ್ಯಾಮಿಲಿ ನೇಮ್ ಇಲ್ಲದಿದ್ದರೆ, ಗಿವನ್ ನೇಮ್‌ನಲ್ಲಿ ಇರುವುದನ್ನು ಪೂರ್ತಿ ಫ್ಯಾಮಿಲಿ ನೇಮ್ ಕಾಲಂನಲ್ಲಿ ಬರೆಯಿರಿ, ಗಿವನ್ ನೇಮ್ ಖಾಲಿ ಬಿಡಿ. ಅಂದರೆ ಹೀಗೆ:

```
Family name   : PAVITHRA
Given name(s) :
```

ನೋಡಿ, ಇದು ನಾನು ಮೇಲೆ ತೋರಿಸಿದ ಮೆಷಿನ್ ಸಾಲಿಗೆ ಸರಿಯಾಗಿ ಹೊಂದುತ್ತದೆ. ಆ ಖಾಲಿ ಜಾಗದಲ್ಲಿ ಚುಕ್ಕೆ, ಗೆರೆ, ನಕ್ಷತ್ರ, NA ಏನೂ ಬೇಡ. ಖಾಲಿ ಅಂದರೆ ಖಾಲಿ.

ಈಗ ಎರಡನೇ ಪವಿತ್ರ. ಅದನ್ನು ಮುಚ್ಚಿಡಬಾರದು. ಅದೇ ಅರ್ಜಿಯಲ್ಲಿ ಬೇರೆ ಯಾವುದಾದರೂ ಹೆಸರು ಬಳಸಿದ್ದೀರಾ ಅಂತ ಒಂದು ಪ್ರಶ್ನೆ ಇದೆ. ಅದಕ್ಕೆ ಹೌದು ಅನ್ನಿ. ಅಲ್ಲಿ ಫ್ಯಾಮಿಲಿ ನೇಮ್ PAVITHRA, ಗಿವನ್ ನೇಮ್ PAVITHRA ಅಂತ ಬರೆಯಿರಿ. ಎರಡು ಸಲ ಬರೆಯಬೇಕಾದ ಜಾಗ ಅದೊಂದೇ. ಡಿಗ್ರಿಯಲ್ಲಿರುವ ಪವಿತ್ರ ಎಸ್. ಎಂ. ಅನ್ನೂ ಅಲ್ಲೇ ಸೇರಿಸಿ.

ಆಮೇಲೆ ಒಂದು ಪುಟದ ವಿವರಣೆ ಪತ್ರ ಬರೆದು ಅರ್ಜಿ ಜೊತೆ ಹಾಕಿ. ಕಥೆ ಬೇಡ. ನಾಲ್ಕು ವಾಕ್ಯ ಸಾಕು. ನನ್ನ ಪಾಸ್‌ಪೋರ್ಟ್ ಹೆಸರು ಒಂದೇ ಪದ. ಯುಎಇ ವೀಸಾದಲ್ಲಿ ಎರಡೂ ಕಾಲಂಗೆ ಅದನ್ನೇ ಹಾಕಿದ್ದರಿಂದ ಅಲ್ಲಿನ ಇಂತಿಂಥ ಕಾಗದಗಳಲ್ಲಿ ಎರಡು ಸಲ ಬಂದಿದೆ. ಡಿಗ್ರಿಯ ಎಸ್. ಎಂ. ಅಂದರೆ ಊರು ಮತ್ತು ತಂದೆಯ ಹೆಸರು. ಮೂರೂ ನಾನೇ, ಎಲ್ಲದರಲ್ಲೂ ಹುಟ್ಟಿದ ದಿನ ಒಂದೇ. ಯಾವ ಕಾಗದದಲ್ಲಿ ಪಾಸ್‌ಪೋರ್ಟ್ ನಂಬರ್ ಇದೆಯೋ ಅದನ್ನು ಎತ್ತಿ ಹೇಳಿ. ಪೊಲೀಸ್ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ನಂಬರ್ ಇದೆಯಾ ನೋಡಿ, ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಗದಗಳಲ್ಲಿ ಹೆಸರು ಬೇರೆ ಬೇರೆ ಇದ್ದರೂ, ಪಾಸ್‌ಪೋರ್ಟ್ ಅದೇ ಇರುವವರೆಗೆ ನಂಬರ್ ಒಂದೇ.

ಸಕಲೇಶಪುರದವಳು:
ಸರ್, ಈಗಷ್ಟೇ ನೋಡಿದೆ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ನಂಬರ್ ಇದೆ. ಬ್ಯಾಂಕ್ ಪತ್ರದಲ್ಲಿ ಇಲ್ಲ, ಎಮಿರೇಟ್ಸ್ ಐಡಿ ನಂಬರ್ ಮಾತ್ರ ಇದೆ. ಅದಕ್ಕೆ ಏನು ಮಾಡಲಿ?

ಹಳೇ ಟಿಕೆಟ್ ಕೌಂಟರ್:
ಬ್ಯಾಂಕಿನವರಿಗೆ ಹೇಳಿ ಪತ್ರದಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸಿ ಕೊಡಿ ಅಂತ ಕೇಳಿ. ಖಾತೆ ತೆರೆಯುವಾಗ ಪಾಸ್‌ಪೋರ್ಟ್ ಪ್ರತಿ ತಗೊಂಡಿರುತ್ತಾರೆ. ಕೊಡಲ್ಲ ಅಂದರೆ ಐಡಿಯ ಪ್ರತಿ ಮತ್ತು ವೀಸಾದ ಪ್ರತಿ ಎರಡನ್ನೂ ಜೊತೆಗಿಡಿ. ಐಡಿ ನಂಬರ್‌ನಿಂದ ವೀಸಾಕ್ಕೆ, ವೀಸಾದಿಂದ ಪಾಸ್‌ಪೋರ್ಟ್‌ಗೆ ಸರಪಳಿ ಕೂಡಿಸಿ ತೋರಿಸಿದ ಹಾಗಾಗುತ್ತದೆ.

ನೋಟರಿ ಹತ್ತಿರದ ಮನೆ:
ಡಿಗ್ರಿ ವಿಷಯಕ್ಕೆ ನನ್ನದೊಂದು ಮಾತು. ಊರಲ್ಲಿ ಒಂದು ಅಫಿಡವಿಟ್ ಮಾಡಿಸಿಕೊಳ್ಳಿ ತಂಗಿ. ಪವಿತ್ರ ಮತ್ತು ಪವಿತ್ರ ಎಸ್. ಎಂ. ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಸಹಿ ಹಾಕಿಸುವುದು. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡವರು ಹೊರದೇಶಕ್ಕೆ ಹೋಗುವಾಗ ಎಲ್ಲರೂ ಮಾಡಿಸುತ್ತಾರೆ. ಅದರಲ್ಲೇ ಎರಡು ಪವಿತ್ರ ವಿಷಯವನ್ನೂ ಸೇರಿಸಿ ಬರೆಸಿ. ಇಂಗ್ಲಿಷಿನಲ್ಲೇ ಬರೆಸಿ, ಕನ್ನಡದಲ್ಲಿ ಬರೆಸಿದರೆ ಆಮೇಲೆ ಅನುವಾದ ಬೇಕಾಗುತ್ತದೆ.

ಕುಂದಾಪ್ರ ಹೆಣ್ಣ್:
ನಾನು ಇದನ್ನು ಇನ್ನೊಂದು ಬದಿಯಿಂದ ಅನುಭವಿಸಿದವಳು. 2022ರ ನವೆಂಬರ್ ಯಾರಿಗಾದರೂ ನೆನಪಿದೆಯಾ? ಆ ತಿಂಗಳ 21ರಿಂದ ಯುಎಇ ಹೊಸ ನಿಯಮ ತಂದಿತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದ ಇದ್ದವರು ವಿಸಿಟ್ ವೀಸಾದಲ್ಲಿ ಬರುವ ಹಾಗಿಲ್ಲ ಅಂತ. ವಿಮಾನ ಕಂಪನಿಗಳು ಏಜೆಂಟರಿಗೆ ಸುತ್ತೋಲೆ ಕಳಿಸಿದವು. ಆಮೇಲೆ ಕೆಲವೇ ದಿನಕ್ಕೆ ಸ್ವಲ್ಪ ಸಡಿಲ ಮಾಡಿದರು. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪಿಕೊಳ್ಳುತ್ತೇವೆ ಅಂದರು.

ನನ್ನ ಅಮ್ಮ ಬಾಣಂತನಕ್ಕೆ ಬರಬೇಕಿತ್ತು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇರುವುದು GIRIJA ಅಷ್ಟೇ. ನಿಯಮ ಬಂದ ಮೂರನೇ ದಿನಕ್ಕೆ ಟಿಕೆಟ್ ಇತ್ತು. ಏರ್‌ಪೋರ್ಟ್‌ಗೆ ಹೋದವರನ್ನು ಕೌಂಟರ್‌ನಿಂದಲೇ ವಾಪಸ್ ಕಳಿಸಿದರು. ಅಮ್ಮ ಹಪ್ಪಳ, ಮಗುವಿನ ಎಣ್ಣೆ, ಬಾಣಂತಿ ಔಷಧಿ ಎಲ್ಲಾ ಕಟ್ಟಿಕೊಂಡು ಬಂದಿದ್ದರು. ನನ್ನ ಹೆಸರಲ್ಲಿ ಏನು ತಪ್ಪಾಯಿತು ಮಗಾ ಅಂತ ಫೋನಿನಲ್ಲಿ ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ. ಕೊನೆಗೆ ಕೊನೆಯ ಪುಟದಲ್ಲಿ ಅಜ್ಜಯ್ಯನ ಹೆಸರು ಇರುವುದನ್ನು ತೋರಿಸಿ ಹೊಸದಾಗಿ ವೀಸಾ ಮಾಡಿಸಿ ಬಂದರು. ಅಷ್ಟೊತ್ತಿಗೆ ಮಗು ಹುಟ್ಟಿ ಎಂಟು ದಿನ ಆಗಿತ್ತು.

ಪವಿತ್ರ, ನಿಮಗೆ ಆರು ವರ್ಷ ತೊಂದರೆ ಆಗದಿದ್ದಕ್ಕೆ ಕಾರಣ ಆ ಸುತ್ತೋಲೆಯಲ್ಲೇ ಇತ್ತು. ಕೆಲಸದ ವೀಸಾ, ರೆಸಿಡೆನ್ಸ್ ಇದ್ದವರಿಗೆ ಎರಡೂ ಕಾಲಂನಲ್ಲಿ ಒಂದೇ ಹೆಸರು ಇದ್ದರೆ ಬರಬಹುದು ಅಂತ ಸ್ಪಷ್ಟವಾಗಿ ಬರೆದಿದ್ದರು. ಅಂದರೆ ಎರಡು ಸಲ ಬರೆಯುವುದು ಯುಎಇ ಒಳಗೆ ಒಪ್ಪಿದ ಪದ್ಧತಿ. ಅಲ್ಲಿಂದ ಹೊರಗೆ ಬಂದ ಕೂಡಲೇ ಅದು ಸಮಸ್ಯೆ.

ಹಳೇ ಟಿಕೆಟ್ ಕೌಂಟರ್:
ಅಕ್ಕ, ಆ ವಾರ ನಮ್ಮ ಆಫೀಸಿನಲ್ಲಿ ಫೋನ್ ಕೆಳಗಿಡಲು ಆಗಿರಲಿಲ್ಲ. ನಿಮ್ಮ ಅಮ್ಮನಂಥವರು ಎಷ್ಟೋ ಜನ. ಹಳೇ ಮೈಸೂರು ಕಡೆಯವರು, ಕರಾವಳಿಯವರು, ತಮಿಳುನಾಡಿನವರು, ಕೇರಳದವರು, ಅದರಲ್ಲೂ ಹೆಂಗಸರು. ನಮ್ಮ ಅಮ್ಮಂದಿರಿಗೆ ಯಾರೂ ಮನೆಹೆಸರು ಕೇಳಿರಲೇ ಇಲ್ಲ.

ಹುಬ್ಬಳ್ಳಿ ದೇಸಾಯಿ:
ನಮ್ಮ ಕಡೆ ಈ ತೊಂದರೆ ಕಡಿಮೆ. ಪಾಟೀಲ, ಹಿರೇಮಠ, ದೇಸಾಯಿ ಅಂತ ಅಡ್ಡಹೆಸರು ಇರುತ್ತದೆ. ಅದಕ್ಕೆ ನನ್ನ ಸಲಹೆ ನೇರ. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ ರೀಇಶ್ಯೂ ಮಾಡಿಸಿದರೆ ಮುಗಿಯಿತು. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ತತ್ಕಾಲ್ ಬೇಕಾದರೆ ಇನ್ನೂ 2000. ಜೀವನಪೂರ್ತಿ ಪತ್ರ ಬರೆಯುತ್ತಾ ಕೂರುವುದಕ್ಕಿಂತ ಅದು ಮೇಲು ಅಲ್ವಾ? ಆಗ ಕೆಳಗಿನ ಸಾಲು ಹೀಗಾಗುತ್ತದೆ:

```
P<INDMANJEGOWDA<<PAVITHRA<<<<<<<<<<<<<<<<<<<
```

ಸಕಲೇಶಪುರದವಳು:
ಇದನ್ನೂ ಯೋಚಿಸಿದ್ದೆ ಸರ್. ಆದರೆ ಮನಸ್ಸು ಒಪ್ಪುತ್ತಿಲ್ಲ. ಮಂಜೇಗೌಡ ನನ್ನ ಅಪ್ಪ. ಅಲ್ಲಿ ಯಾರೋ ಫೋನ್ ಮಾಡಿ ಮಿಸ್ ಮಂಜೇಗೌಡ ಅಂದರೆ ಅದು ನಾನಲ್ಲ ಅನಿಸುತ್ತದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅವರ ಹೆಸರು ನನ್ನ ಜೊತೆ ಇರಲಿ ಅಂತ ಒಂದು ಮನಸ್ಸು, ಅವರ ಹೆಸರು ಅವರದೇ ಆಗಿರಲಿ ಅಂತ ಇನ್ನೊಂದು ಮನಸ್ಸು.

ಟೆಕ್ಸಾಸ್ ಮಂಜ:
ಈ ಮಾತು ಅರ್ಥ ಆಗುತ್ತದೆ. ಆದರೂ ನಾನು ಕೊನೆಗೆ ಸೇರಿಸಿಬಿಟ್ಟೆ. ಅಪ್ಪನ ಹೆಸರು ರಂಗಪ್ಪ. ಈಗ ಆಫೀಸಿನಲ್ಲಿ ಮಂಜುನಾಥ ಅಂತ ಕರೆಯುತ್ತಾರೆ, ಅಷ್ಟು ಸಾಕು ನನಗೆ. ಮಿಸ್ಟರ್ ರಂಗಪ್ಪ ಅಂತ ಬ್ಯಾಂಕಿನವರು ಕರೆದರೆ ಅಪ್ಪ ನೆನಪಾಗುತ್ತಾರೆ.

ಆದರೆ ಕೆಲಸ ಒಂದೇ ಕಡೆ ಮುಗಿಯುವುದಿಲ್ಲ. ಪಾಸ್‌ಪೋರ್ಟ್ ಬದಲಾದ ಮೇಲೆ ಲೈಸನ್ಸ್, ಸೋಶಿಯಲ್ ಸೆಕ್ಯೂರಿಟಿ, ಬ್ಯಾಂಕ್, ಆಫೀಸ್ ಎಲ್ಲಾ ಒಂದೊಂದಾಗಿ ಬದಲಾಯಿಸಬೇಕಾಯಿತು. ಹಳೇ ವೀಸಾದಲ್ಲಿ FNU ಹಾಗೇ ಇತ್ತು. ಹೊಸ ವೀಸಾ ಆಗುವವರೆಗೆ ಎರಡೂ ಪಾಸ್‌ಪೋರ್ಟ್ ಹಿಡಿದುಕೊಂಡು ಓಡಾಡಿದೆ.

ನೋಟರಿ ಹತ್ತಿರದ ಮನೆ:
ದೇಸಾಯಿ ಅವರು ಹೇಳಿದಷ್ಟು ಸುಲಭ ಅಲ್ಲ. ಗಿವನ್ ನೇಮ್‌ನಲ್ಲೇ ಎರಡು ಪದ ಇದ್ದು ಒಂದನ್ನು ಸರ್‌ನೇಮ್‌ಗೆ ಸರಿಸುವುದಾದರೆ ಸುಲಭ, ಇರುವುದನ್ನೇ ಎರಡು ಮಾಡಿದ ಹಾಗೆ. ತಂಗಿಯದು ಒಂದೇ ಪದ. ಹೊಸ ಪದ ಸೇರಿಸುವುದು ಅಂದರೆ ಹೆಸರು ಬದಲಾವಣೆ. ನನ್ನ ತಮ್ಮನಿಗೆ ಅಫಿಡವಿಟ್ ಮತ್ತು ಎರಡು ಪತ್ರಿಕೆಯಲ್ಲಿ ಜಾಹೀರಾತು ಕೇಳಿದರು. ಒಂದು ಕಾಯಂ ವಿಳಾಸದ ಕಡೆ ಬರುವ ಪತ್ರಿಕೆ, ಇನ್ನೊಂದು ಈಗಿರುವ ಕಡೆಯದು.

ಹುಬ್ಬಳ್ಳಿ ದೇಸಾಯಿ:
ನನ್ನ ತಂಗಿಯ ಗಂಡನಿಗೆ ಜಾಹೀರಾತು ಕೇಳಲಿಲ್ಲ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಜೊತೆಗೇ ಇತ್ತು, ಅದನ್ನು ತೋರಿಸಿದರು, ಮಾಡಿಕೊಟ್ಟರು.

ನೋಟರಿ ಹತ್ತಿರದ ಮನೆ:
ಅದೇ ಹೇಳುತ್ತಿರುವುದು. ಅಂಕಪಟ್ಟಿಯಲ್ಲಿ ಹೆಸರು ಬಿಡಿಸಿ ಬರೆದಿದ್ದರೆ ಒಂದು ಲೆಕ್ಕ, ಎಸ್. ಎಂ. ಅಂತಿದ್ದರೆ ಇನ್ನೊಂದು. ತಂಗಿಯದು ಎರಡನೆಯದು. ಹೋಗುವ ಮೊದಲು ವಿಚಾರಿಸಿಕೊಂಡು ಹೋಗಲಿ.

ಹಳೇ ಟಿಕೆಟ್ ಕೌಂಟರ್:
ಸೇರಿಸಬೇಕಾ ಬೇಡವಾ ಅನ್ನುವುದು ಅವರಿಗೆ ಬಿಟ್ಟಿದ್ದು, ನಾನು ಹೇಳಲಾರೆ. ಯಾವಾಗ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಕೆನಡಾ ಅರ್ಜಿ ಹಾಕಿದ ಮೇಲೆ, ಉತ್ತರ ಬರುವ ಮೊದಲು, ಆ ಮಧ್ಯದಲ್ಲಿ ಮಾತ್ರ ಹೆಸರು ಬದಲಾಯಿಸಬೇಡಿ. ಆಗ ಅರ್ಜಿ ಒಂದು ಹೆಸರಲ್ಲಿ, ಪಾಸ್‌ಪೋರ್ಟ್ ಇನ್ನೊಂದು ಹೆಸರಲ್ಲಿ ಆಗುತ್ತದೆ. ನಿಮ್ಮ ಯುಎಇ ರೆಸಿಡೆನ್ಸ್ ಹಳೇ ಪಾಸ್‌ಪೋರ್ಟ್ ಮೇಲೆ ನಿಂತಿದೆ, ಅದನ್ನೂ ತಿದ್ದಿಸಬೇಕು. ಆಮೇಲೆ ಪವಿತ್ರ, ಪವಿತ್ರ ಪವಿತ್ರ, ಪವಿತ್ರ ಎಸ್. ಎಂ. ಜೊತೆ ಪವಿತ್ರ ಮಂಜೇಗೌಡ ನಾಲ್ಕನೆಯವರು. ಬದಲಾಯಿಸುವುದಾದರೆ ಅರ್ಜಿಗೆ ಮೊದಲೇ, ಇಲ್ಲದಿದ್ದರೆ ಎಲ್ಲಾ ಮುಗಿದ ಮೇಲೆ.

ಬದಲಾಯಿಸದೇ ಹೋದರೆ ಏನಾಗುತ್ತದೆ ಅನ್ನುವುದನ್ನೂ ತಿಳಿದುಕೊಂಡಿರಿ. ಕೆನಡಾ ಕಾಗದದಲ್ಲಿ ಪವಿತ್ರ ಅನ್ನುವುದು ಮನೆಹೆಸರು ಆಗಿ ಕೂರುತ್ತದೆ. ಅಲ್ಲಿನ ಬ್ಯಾಂಕ್, ವಿಮಾನ ಟಿಕೆಟ್, ಮೊಬೈಲ್ ಸಿಮ್, ಎಲ್ಲರೂ ಫಸ್ಟ್ ನೇಮ್ ಕೇಳುತ್ತಾರೆ. ಆಗ ಕೌಂಟರ್‌ನವರು ಮತ್ತೆ ಎರಡು ಸಲ ಒತ್ತುತ್ತಾರೆ. ಟಿಕೆಟ್‌ಗೆ ಪರವಾಗಿಲ್ಲ. ಸರಕಾರದ ದಾಖಲೆ ಅಂದಾಗ ಮಾತ್ರ ನಿಂತು, ಕೌಂಟರ್ ಬಿಡುವ ಮೊದಲು ಪ್ರಿಂಟ್ ನೋಡಿ, ಒಂದೇ ಇರಲಿ ಅಂತ ಹೇಳಿ.

ಗಡಿಬಿಡಿ ಗಣೇಶ:
ಟಿಕೆಟ್ ಬಗ್ಗೆ ಒಂದು. ಭಾವನ ಬೋರ್ಡಿಂಗ್ ಪಾಸ್‌ನಲ್ಲಿ FNUMR ಅಂತ ಬಂದಿತ್ತು. ಅದು ಏನು?

ಹಳೇ ಟಿಕೆಟ್ ಕೌಂಟರ್:
ಅದು FNU ಮತ್ತು MR ಅಂಟಿಕೊಂಡಿದ್ದು. ಬುಕಿಂಗ್ ಸಿಸ್ಟಂನಲ್ಲಿ ಹೆಸರಿನ ಪಕ್ಕ ಸಂಬೋಧನೆ ಇರುತ್ತದೆ, ಪ್ರಿಂಟ್ ಆಗುವಾಗ ಜಾಗ ಬಿಡದೆ ಅಂಟುತ್ತದೆ. ತೊಂದರೆ ಇಲ್ಲ, ಎಲ್ಲರಿಗೂ ಹಾಗೇ ಬರುತ್ತದೆ. ಒಂದೇ ಹೆಸರಿನವರಿಗೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಒಬ್ಬರು ಎರಡು ಸಲ ಹಾಕಿ ಅಂತಾರೆ, ಒಬ್ಬರು FNU ಅಂತಾರೆ. ಬುಕ್ ಮಾಡುವ ಮೊದಲು ಆ ಕಂಪನಿಯ ಪುಟದಲ್ಲಿ ನೋಡಿ. ಮುಖ್ಯವಾಗಿ, ಸರ್‌ನೇಮ್ ಕಾಲಂನಲ್ಲಿ ಏನು ಹಾಕಿದಿರಿ ಅಂತ ಬರೆದಿಟ್ಟುಕೊಳ್ಳಿ. ಆನ್‌ಲೈನ್ ಚೆಕ್-ಇನ್‌ನಲ್ಲಿ PNR ಜೊತೆ ಅದನ್ನೇ ಕೇಳುತ್ತದೆ.

ಕುಂದಾಪ್ರ ಹೆಣ್ಣ್:
ಪವಿತ್ರ, ಇನ್ನೊಂದು ಕೇಳಲಾ? ಮಕ್ಕಳಿದ್ದಾರಾ? ನನ್ನ ಮಗನ ಜನನ ಪ್ರಮಾಣಪತ್ರದಲ್ಲಿ ಇಲ್ಲಿನ ಆಸ್ಪತ್ರೆಯವರು ನನ್ನ ಐಡಿ ನೋಡಿ ತಾಯಿಯ ಹೆಸರನ್ನು ಎರಡು ಸಲ ಬರೆದರು. ನನ್ನದೂ ಒಂದೇ ಹೆಸರು. ಮಗುವಿಗೆ ಪಾಸ್‌ಪೋರ್ಟ್ ಮಾಡಿಸಲು ಹೋದಾಗ ತಾಯಿಯ ಪಾಸ್‌ಪೋರ್ಟ್‌ನಲ್ಲಿ ಒಂದು, ಜನನ ಪತ್ರದಲ್ಲಿ ಎರಡು ಅಂತ ನಿಲ್ಲಿಸಿದರು. ಮತ್ತೆ ಅಫಿಡವಿಟ್, ಮತ್ತೆ ಓಡಾಟ. ಅದಕ್ಕೇ ಮಗನಿಗೆ ಮೊದಲ ದಿನವೇ ಎರಡು ಪದದ ಹೆಸರು ಇಟ್ಟೆವು, ಅವನ ಅಪ್ಪನ ಹೆಸರು ಸರ್‌ನೇಮ್. ನನ್ನದು ಇರಲಿ ಬಿಡಿ, ಅವನಿಗೆ ಇದು ಬೇಡ ಅನಿಸಿತು.

ಸಕಲೇಶಪುರದವಳು:
ಒಬ್ಬಳು ಮಗಳಿದ್ದಾಳೆ ಅಕ್ಕ, ಮೂರು ವರ್ಷ. ನೀವು ಕೇಳಿದ ಮೇಲೆ ಎದ್ದು ಹೋಗಿ ಜನನ ಪತ್ರ ತೆಗೆದು ನೋಡಿದೆ. ತಾಯಿಯ ಹೆಸರು: PAVITHRA PAVITHRA. ಅವಳ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಒಂದೇ ಪವಿತ್ರ ಇದೆ. ಅಲ್ಲಿ ಯಾರೂ ಕೇಳಲೇ ಇಲ್ಲ, ನನ್ನ ಅದೃಷ್ಟ. ಇದನ್ನೂ ವಿವರಣೆ ಪತ್ರದಲ್ಲಿ ಸೇರಿಸಬೇಕು ಅಲ್ವಾ ಸರ್?

ಹಳೇ ಟಿಕೆಟ್ ಕೌಂಟರ್:
ಸೇರಿಸಲೇಬೇಕು. ಮಗಳು ನಿಮ್ಮ ಜೊತೆ ಅರ್ಜಿಯಲ್ಲಿ ಇರುತ್ತಾಳೆ, ಅವಳ ಜನನ ಪತ್ರವನ್ನು ಅವರು ನೋಡುತ್ತಾರೆ. ಒಂದು ಸಾಲು ಸಾಕು, ತಾಯಿಯ ಹೆಸರು ಅಲ್ಲಿ ಎರಡು ಸಲ ಬಂದಿರುವುದಕ್ಕೆ ಕಾರಣ ಇದೇ ಅಂತ. ಪತ್ರ ಬರೆದ ಮೇಲೆ ನಂಬರ್, ವಿಳಾಸ ಎಲ್ಲಾ ಅಳಿಸಿ ಇಲ್ಲಿ ಹಾಕಿ, ಒಮ್ಮೆ ನೋಡಿಕೊಡುತ್ತೇನೆ.

ಸಕಲೇಶಪುರದವಳು:
ಖಂಡಿತ ಸರ್. ಇವತ್ತು ರಾತ್ರಿ ಬರೆಯುತ್ತೇನೆ. ಸರ್‌ನೇಮ್ ಸೇರಿಸುವ ವಿಷಯ ಅಮ್ಮನ ಹತ್ತಿರ ಮಾತಾಡಬೇಕು. ಅಪ್ಪನ ಹೆಸರು, ಅವರನ್ನು ಕೇಳದೆ ಮಾಡಲು ಮನಸ್ಸಿಲ್ಲ.